ನೆಗೆಟಿವ್ ಕಂಟ್ರೋಲ್ ಏರಿದರೆ, ಇಳಿದರೆ: ಎಲೈಸಾ ಕಟ್‌ಆಫ್ ಕೆಡುವುದು ಎಲ್ಲಿ, ಹುಡುಕುವುದು ಹೇಗೆ

ಪ್ಲೇಟ್ ರೀಡರ್‌ನಿಂದ ಹೊರಬಂದ ಕೂಡಲೇ ಎಲ್ಲರ ಕಣ್ಣು ಸ್ಯಾಂಪಲ್‌ಗಳ ಮೇಲೆ ಹೋಗುತ್ತದೆ. ಆದರೆ ಪ್ರತಿಕಾಯ ಹುಡುಕುವ ಎಲೈಸಾದಲ್ಲಿ ಯಾವ ಸ್ಯಾಂಪಲ್ ಪಾಸಿಟಿವ್ ಎಂದು ತೀರ್ಮಾನಿಸುವುದು ಮೊದಲ ಕಾಲಂನಲ್ಲಿರುವ ಎರಡು ಮೂರು ನೆಗೆಟಿವ್ ಕಂಟ್ರೋಲ್ ವೆಲ್‌ಗಳು. ಅವುಗಳ ಸರಾಸರಿ ಓಡಿಗೆ, ಅಂದರೆ ರೀಡರ್ ಅಳೆದ ಬಣ್ಣದ ಗಾಢತೆಗೆ, ಒಂದು ಸಂಖ್ಯೆ ಕೂಡಿಸಿಯೋ ಗುಣಿಸಿಯೋ ಕಟ್‌ಆಫ್ ಹಾಕುತ್ತೇವೆ. ಆ ವೆಲ್‌ಗಳಲ್ಲಿ ಒಂದು ಎಡವಟ್ಟಾದರೆ ಇಡೀ ಪ್ಲೇಟಿನ ಗೆರೆಯೇ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಗೆರೆ ಮೇಲೆ ಹೋದರೆ ಸೋಂಕಿದ್ದ ಹಸು ತಪ್ಪಿಸಿಕೊಳ್ಳುತ್ತದೆ. ಕೆಳಗೆ ಬಂದರೆ ಸೋಂಕಿಲ್ಲದ ಹಸುವನ್ನು ಮಂದೆಯಿಂದ ಬೇರೆ ಕಟ್ಟಬೇಕಾಗುತ್ತದೆ.

ಹಸು ಎಂದೆ, ಏಕೆಂದರೆ ಇಲ್ಲಿ ನಾನು ಹಿಡಿದಿರುವ ಉದಾಹರಣೆ ಬ್ರೂಸೆಲ್ಲೋಸಿಸ್ ಐಜಿಜಿ ಎಲೈಸಾ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಕಡೆಯ ಹೈನು ಹಸುಗಳ ಸೀರಮ್ ಬೆಂಗಳೂರಿನ ಲ್ಯಾಬ್‌ಗಳಿಗೆ ಬರುತ್ತಲೇ ಇರುತ್ತದೆ. ವೆಲ್ಲಿನ ತಳಕ್ಕೆ ಬ್ರೂಸೆಲ್ಲಾ ಆಂಟಿಜನ್ ಅಂಟಿಸಿರುತ್ತಾರೆ. ಸೀರಮ್‌ನಲ್ಲಿ ಪ್ರತಿಕಾಯ ಇದ್ದರೆ ಅದಕ್ಕೆ ಕಚ್ಚಿಕೊಳ್ಳುತ್ತದೆ, ಅದರ ಮೇಲೆ ಪೆರಾಕ್ಸಿಡೇಸ್ ಕಿಣ್ವ ಹೊತ್ತ ಕಾಂಜುಗೇಟ್ ಕೂರುತ್ತದೆ, ಟಿಎಂಬಿ ಹಾಕಿದಾಗ ನೀಲಿ ಬರುತ್ತದೆ, ಆಮ್ಲ ಹಾಕಿ ನಿಲ್ಲಿಸಿದಾಗ ಹಳದಿಯಾಗುತ್ತದೆ. ಆ ಹಳದಿಯನ್ನು 450 ನ್ಯಾನೋಮೀಟರ್‌ನಲ್ಲಿ ಓದುತ್ತೇವೆ. ಮನುಷ್ಯರ ಸೀರಮ್‌ನಲ್ಲಿ ಬೇರೆ ಪ್ರತಿಕಾಯ ಹುಡುಕುವ ಇಂಥದ್ದೇ ಕಿಟ್‌ಗೂ ಕೆಳಗಿನ ಹುಡುಕಾಟ ಹೊಂದುತ್ತದೆ.

## ಏನನ್ನೂ ಬಿಚ್ಚುವ ಮೊದಲು

ದುಡ್ಡು ಖರ್ಚಿಲ್ಲದ ಪರೀಕ್ಷೆ ಎಂದರೆ ಕಿಟ್ ಜೊತೆ ಬಂದ ಇನ್ಸರ್ಟ್ ಹಾಳೆಯನ್ನೂ ರೀಡರ್‌ನ ಸೆಟ್ಟಿಂಗನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಕಿಟ್ ಬದಲಾಗಿರುತ್ತದೆ, ರೀಡರ್‌ನಲ್ಲಿ ಹಳೆಯ ಕಿಟ್‌ನ ಸೂತ್ರವೇ ಉಳಿದಿರುತ್ತದೆ. ಇದು ಅಪರೂಪದ ತಪ್ಪೇನಲ್ಲ.

ಅದರಲ್ಲೂ ಬ್ಲಾಂಕ್, ಅಂದರೆ ಸೀರಮ್ ಹಾಕದ ವೆಲ್ಲಿನ ಓಡಿ, ಕಳೆಯುವ ವಿಚಾರವನ್ನು ಸರಿಯಾಗಿ ನೋಡಿ. ಇನ್ಸರ್ಟ್‌ನಲ್ಲಿ "ನೆಗೆಟಿವ್ ಸರಾಸರಿ + 0.200" ಎಂದಿದ್ದರೆ ಬ್ಲಾಂಕ್ ಕಳೆದರೂ ಬಿಟ್ಟರೂ ಫಲಿತಾಂಶ ಬದಲಾಗುವುದಿಲ್ಲ, ಸ್ಯಾಂಪಲ್ಲೂ ಗೆರೆಯೂ ಒಂದೇ ಅಳತೆಯಲ್ಲಿ ಇಳಿಯುತ್ತವೆ. "ನೆಗೆಟಿವ್ ಸರಾಸರಿ × 3" ಎಂಬಂಥ ಸೂತ್ರವಾದರೆ ಹಾಗಲ್ಲ. ಬ್ಲಾಂಕ್ 0.050, ನೆಗೆಟಿವ್ 0.080 ಇದೆ ಎನ್ನಿ. ಕಳೆಯದಿದ್ದರೆ ಕಟ್‌ಆಫ್ 0.240, 0.180 ಬಂದ ಸ್ಯಾಂಪಲ್ ನೆಗೆಟಿವ್. ಬ್ಲಾಂಕ್ ಕಳೆದರೆ ನೆಗೆಟಿವ್ 0.030, ಕಟ್‌ಆಫ್ 0.090, ಅದೇ ಸ್ಯಾಂಪಲ್ 0.130 ಆಗಿ ಪಾಸಿಟಿವ್. ವೆಲ್ಲಿನಲ್ಲಿ ಯಾವ ದೋಷವೂ ಇಲ್ಲದೆ ಫಲಿತಾಂಶ ತಿರುಗಿಬಿಟ್ಟಿತು. ರೀಡರ್ ತಾನೇ ಬ್ಲಾಂಕ್ ಕಳೆದುಕೊಟ್ಟಿದ್ದನ್ನು ಎಕ್ಸೆಲ್‌ನಲ್ಲಿ ಇನ್ನೊಮ್ಮೆ ಕಳೆಯುವುದೂ ಇದೇ ಜಾತಿಯ ತಪ್ಪು.

ಆಮೇಲೆ ಪ್ಲೇಟನ್ನು ಬೆಳಕಿಗೆ ಹಿಡಿದು ತಳ ನೋಡಿ. ಬೆರಳಚ್ಚು, ನೀರಿನ ಹನಿ, ವೆಲ್ಲಿನೊಳಗೆ ಗುಳ್ಳೆ ಇದ್ದರೆ ಓಡಿ ಸುಮ್ಮನೆ ಏರುತ್ತದೆ. ಹಳದಿಯ ಬದಲು ಹಸಿರು ಕಂಡರೆ ಆಮ್ಲ ಸರಿಯಾಗಿ ಬೆರೆತಿಲ್ಲ. ತಳ ಒರೆಸಿ, ಗುಳ್ಳೆ ಒಡೆದು, ಪ್ಲೇಟನ್ನು ಮೆಲ್ಲಗೆ ತಟ್ಟಿ, ಇನ್ಸರ್ಟ್ ಹೇಳಿದ ಸಮಯದೊಳಗೆ ಮತ್ತೊಮ್ಮೆ ಓದಿಸಿ. 450ರ ಜೊತೆ 620 ಅಥವಾ 630ರ ರೆಫರೆನ್ಸ್ ಓದನ್ನೂ ಹಾಕಿಕೊಂಡಿದ್ದರೆ ಇಂಥ ಕಲೆಗಳ ಕಾಟ ಬಹುಪಾಲು ತಪ್ಪುತ್ತದೆ.

## ಲಕ್ಷಣ: ನೆಗೆಟಿವ್ ವೆಲ್‌ಗಳೆಲ್ಲ ಒಟ್ಟಿಗೇ ಏರಿವೆ

ಇನ್ಸರ್ಟ್ ಕೊಟ್ಟ ಮಿತಿಗಿಂತ ಮೂರೂ ನೆಗೆಟಿವ್ ವೆಲ್ ಮೇಲಿದ್ದರೆ ಆ ಪ್ಲೇಟ್ ಅಸಿಂಧು. "ಪಾಸಿಟಿವ್ ಕಂಟ್ರೋಲ್ ಚೆನ್ನಾಗಿ ಬಂದಿದೆಯಲ್ಲ" ಎಂದು ರಿಪೋರ್ಟ್ ಕಳಿಸಬೇಡಿ. ಏರಿದ ಗೆರೆಯ ಕೆಳಗೆ ದುರ್ಬಲ ಪಾಸಿಟಿವ್‌ಗಳು ಮುಳುಗಿರುತ್ತವೆ.

ಬಣ್ಣ ಯಾವ ಹಂತದಲ್ಲಿ ಸೇರಿಕೊಂಡಿತು ಎಂದು ಪತ್ತೆ ಹಚ್ಚಲು ಇಡೀ ಪ್ಲೇಟ್ ಹಾಳು ಮಾಡಬೇಕಿಲ್ಲ. ಉಳಿದ ಒಂದು ಸ್ಟ್ರಿಪ್‌ನ ನಾಲ್ಕು ವೆಲ್ ಸಾಕು. ಮೊದಲನೆಯದಕ್ಕೆ ಟಿಎಂಬಿ ಮಾತ್ರ ಹಾಕಿ. ಎರಡನೆಯದಕ್ಕೆ ಕಾಂಜುಗೇಟ್ ಹಾಕಿ, ತೊಳೆದು, ಟಿಎಂಬಿ ಹಾಕಿ. ಮೂರನೆಯದಕ್ಕೆ ಸೀರಮ್ ಇಲ್ಲದ ಬರೀ ಸ್ಯಾಂಪಲ್ ಡೈಲ್ಯುಯೆಂಟ್‌ನಿಂದ ಶುರುಮಾಡಿ ಎಲ್ಲ ಹಂತವನ್ನೂ ನಡೆಸಿ. ನಾಲ್ಕನೆಯದಕ್ಕೆ ನೆಗೆಟಿವ್ ಕಂಟ್ರೋಲ್ ಸೀರಮ್ ಹಾಕಿ ಎಲ್ಲ ಹಂತ ನಡೆಸಿ.

ಮೊದಲ ವೆಲ್ಲೇ ನೀಲಿಯಾದರೆ ಟಿಎಂಬಿ ಕೆಟ್ಟಿದೆ, ಅಥವಾ ಅದನ್ನು ಸುರಿದ ಟ್ರಫ್‌ನಲ್ಲಿ ಕಾಂಜುಗೇಟ್ ಅಂಟಿಕೊಂಡಿದೆ. ಪೆರಾಕ್ಸಿಡೇಸ್‌ನ ಸುಳಿವು ತಾಗಿದರೂ ಬಾಟಲಿಯಿಡೀ ನೀಲಿ ತಿರುಗುತ್ತದೆ. ಕಾಂಜುಗೇಟ್‌ಗೊಂದು, ಟಿಎಂಬಿಗೊಂದು ಟ್ರಫ್ ಬೇರೆ ಇಡಿ. ತೊಳೆದು ಮತ್ತೆ ಬಳಸುವ ಆಸೆ ಬೇಡ. ಟ್ರಫ್‌ಗೆ ಸುರಿದು ಉಳಿದ ಟಿಎಂಬಿಯನ್ನು ಬಾಟಲಿಗೆ ವಾಪಸ್ ಹಾಕಲೇಬೇಡಿ.

ಮೊದಲನೆಯದು ಸ್ವಚ್ಛವಿದ್ದು ಎರಡನೆಯದರಿಂದ ಬಣ್ಣ ಶುರುವಾದರೆ ಅನುಮಾನ ತೊಳೆತದ ಮೇಲೆ ಅಥವಾ ಕಾಂಜುಗೇಟ್‌ನ ಮೇಲೆ. ಇಲ್ಲಿ ಮೊದಲು ವಾಶ್ ಬಫರ್ ನೋಡಿ. ಫ್ರಿಜ್‌ನಲ್ಲಿಟ್ಟ ಇಪ್ಪತ್ತು ಪಟ್ಟು ಗಟ್ಟಿ ಬಫರ್‌ನ ತಳದಲ್ಲಿ ಸಕ್ಕರೆ ಹರಳಿನಂಥ ಉಪ್ಪು ಕೂತಿರುತ್ತದೆ. ಅದನ್ನು 37 ಡಿಗ್ರಿಯಲ್ಲಿಟ್ಟು ಪೂರ್ತಿ ಕರಗಿಸದೆ ಮೇಲಿನ ನೀರನ್ನಷ್ಟೇ ಅಳೆದುಕೊಂಡರೆ ಉಪ್ಪು ಕಡಿಮೆಯ ಬಫರ್ ಸಿಗುತ್ತದೆ. ಬೆರೆಸುವ ನೀರು ಡಿಸ್ಟಿಲ್ಡ್ ಆಗಿರಲಿ. ಬೋರ್‌ವೆಲ್ ನೀರಂತೂ ಬೇಡ, ಕುಡಿಯುವ ಕ್ಯಾನ್ ನೀರೂ ಬೇಡ. ಎರಡರಲ್ಲೂ ಲವಣ ಎಷ್ಟಿದೆ ಎಂಬುದು ನಮ್ಮ ಕೈಯಲ್ಲಿಲ್ಲ. ಆಮೇಲೆ ತೊಳೆಯುವ ಕ್ರಮ: ವೆಲ್ ಒಂದಕ್ಕೆ 300 ಮೈಕ್ರೋಲೀಟರ್‌ಗೆ ಕಡಿಮೆಯಿಲ್ಲದಂತೆ, ಇನ್ಸರ್ಟ್ ಹೇಳಿದಷ್ಟು ಸಲ, ಪ್ರತಿ ಸಲ ಅರ್ಧ ನಿಮಿಷ ನೆನೆಸಿ, ಕೊನೆಗೆ ಟಿಶ್ಯೂ ಮೇಲೆ ಬಡಿದು ಒಣಗಿಸಿ. ಇಷ್ಟಾದರೂ ಬಣ್ಣ ಇಳಿಯದಿದ್ದರೆ ಕಾಂಜುಗೇಟ್‌ನ ಡೈಲ್ಯೂಷನ್ ಲೆಕ್ಕ ಮತ್ತೆ ಮಾಡಿ.

ನಾಲ್ಕನೆಯದು ಮಾತ್ರ ಏರಿದ್ದರೆ ಕಂಟ್ರೋಲ್ ಸೀರಮ್‌ನಲ್ಲೇ ಏನೋ ಆಗಿದೆ. ಡೈಲ್ಯೂಟ್ ಮಾಡಬೇಕಾದ ಕಂಟ್ರೋಲನ್ನು ಹಾಗೇ ಹಾಕಿರಬಹುದು, ಅಥವಾ ಪಾಸಿಟಿವ್‌ಗೆ ಅದ್ದಿದ ಟಿಪ್ ನೆಗೆಟಿವ್ ವಯಲ್‌ಗೆ ಇಳಿದಿರಬಹುದು. ಅದೇ ಲಾಟ್‌ನ ಹೊಸ ವಯಲ್ ಜೊತೆ ಹೋಲಿಸಿದರೆ ಗೊತ್ತಾಗುತ್ತದೆ.

ಬಿಸಿಲುಗಾಲದಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನಲ್ಲಿ ಎಸಿ ಇಲ್ಲದ ಕೋಣೆ 30 ಡಿಗ್ರಿ ದಾಟುತ್ತದೆ. ಡಿಸೆಂಬರ್ ಬೆಳಿಗ್ಗೆ ಅದೇ ಕೋಣೆ 20ರ ಕೆಳಗಿರುತ್ತದೆ. ಇನ್ಸರ್ಟ್ ಹೇಳುವ "ಕೋಣೆಯ ತಾಪಮಾನ" ಇವೆರಡೂ ಅಲ್ಲ. ಟಿಎಂಬಿ ಹಂತದಲ್ಲಿ ಬಿಸಿ ಜಾಸ್ತಿಯಾದರೆ ನೆಗೆಟಿವ್ ಏರುತ್ತದೆ, ಚಳಿಯಾದರೆ ಪಾಸಿಟಿವ್ ಕಂಟ್ರೋಲ್ ಮೇಲೇಳುವುದಿಲ್ಲ. ಮೇಜಿನ ಮೇಲೊಂದು ಥರ್ಮಾಮೀಟರ್ ಇಟ್ಟು, ಪ್ರತಿ ಪ್ಲೇಟಿನ ಹಾಳೆಯಲ್ಲಿ ಆ ಹೊತ್ತಿನ ಡಿಗ್ರಿ ಬರೆದಿಡಿ.

## ಲಕ್ಷಣ: ಮೂರರಲ್ಲಿ ಒಂದು ನೆಗೆಟಿವ್ ಮಾತ್ರ ಏರಿದೆ

ಜನ ಹೆಚ್ಚು ಎಡವುವುದು ಇಲ್ಲೇ. ಹಾಗಾಗಿ ಒಂದು ಪ್ಲೇಟಿನ ಲೆಕ್ಕವನ್ನು ಪೂರ್ತಿ ಬಿಡಿಸುತ್ತೇನೆ. ಸೂತ್ರ "ನೆಗೆಟಿವ್ ಸರಾಸರಿ + 0.200". ನೆಗೆಟಿವ್‌ಗಳು ಬಿ, ಸಿ, ಡಿ ಸಾಲುಗಳ ಮೊದಲ ವೆಲ್‌ಗಳಲ್ಲಿವೆ. ಬಂದ ಓಡಿಗಳು 0.072, 0.081 ಮತ್ತು 0.246.

ಸರಾಸರಿ 0.133, ಕಟ್‌ಆಫ್ 0.333. ಎಫ್ ಸಾಲಿನ ಒಂದು ಹಸುವಿನ ಓಡಿ 0.305, ಅಂದರೆ ನೆಗೆಟಿವ್. ಡಿ ಸಾಲಿನ ಇನ್ನೊಂದು ಹಸು 0.341, ಪಾಸಿಟಿವ್.

ಮೂರನೆಯ ವೆಲ್ ಕಣ್ಣಿಗೆ ಹೊಡೆಯುವಂತಿದೆ, ಅದನ್ನು ಬಿಟ್ಟುಬಿಡೋಣ ಎಂದು ಯಾರಿಗಾದರೂ ಅನಿಸುತ್ತದೆ. ಬಿಟ್ಟರೆ ಸರಾಸರಿ 0.077ರ ಹತ್ತಿರ, ಕಟ್‌ಆಫ್ 0.277. ಎಫ್ ಸಾಲಿನ ಹಸು ಈಗ ಪಾಸಿಟಿವ್ ಆಯಿತು. ಒಂದು ವೆಲ್ ಇಡುವುದು ಬಿಡುವುದರ ಮೇಲೆ ಒಂದು ಹಸುವಿನ ತೀರ್ಪು ನಿಂತಿದೆ. ಆದ್ದರಿಂದಲೇ ಬಿಡುವ ತೀರ್ಮಾನ ನಮ್ಮದಾಗಬಾರದು. ಮೂರರಲ್ಲಿ ಒಂದು ಮಿತಿ ಮೀರಿದರೆ ಬಿಡಬಹುದು, ಎರಡು ಮೀರಿದರೆ ಪ್ಲೇಟ್ ಮತ್ತೆ ಮಾಡಬೇಕು ಎಂಬಂಥ ನಿಯಮ ಕೆಲವು ಇನ್ಸರ್ಟ್‌ಗಳಲ್ಲಿ ಸ್ಪಷ್ಟವಾಗಿ ಇರುತ್ತದೆ. ಇಲ್ಲದಿದ್ದರೆ ಬಿಡುವಂತಿಲ್ಲ.

ನಿಯಮ ಇದ್ದರೂ ಬಿಟ್ಟು ಮುಂದೆ ಹೋಗುವ ಮೊದಲು ಆ ವೆಲ್ ಏಕೆ ಏರಿತು ಎಂದು ಕೇಳಬೇಕು. ಅದು ಒಂಟಿ ವೆಲ್ಲೋ, ಸಾಲಿನ ಗುಣವೋ? ಓಡಿಗಳನ್ನು ಎಕ್ಸೆಲ್‌ಗೆ ಪ್ಲೇಟಿನ ಆಕಾರದಲ್ಲೇ ಹಾಕಿ, ಪ್ರತಿ ಸಾಲಿನ ಕೊನೆಗೆ ಮಧ್ಯಾಂಕ ತೆಗೆಯಿರಿ. ಸರಾಸರಿ ಬೇಡ, ನಿಜವಾದ ಪಾಸಿಟಿವ್ ಒಂದಿದ್ದರೂ ಅದು ಎಳೆದುಬಿಡುತ್ತದೆ.

```
=MEDIAN(C5:M5)
```

ಈ ಪ್ಲೇಟಿನಲ್ಲಿ ಬೇರೆ ಸಾಲುಗಳ ಸ್ಯಾಂಪಲ್‌ಗಳು ಹೆಚ್ಚಾಗಿ 0.07ರಿಂದ 0.11ರೊಳಗೆ ಇವೆ. ಡಿ ಸಾಲಿನವು 0.19ರಿಂದ 0.27. ಒಂದೇ ಊರಿನಿಂದ ಬಂದ ಹಸುಗಳಲ್ಲಿ ಡಿ ಸಾಲಿಗೆ ಬಿದ್ದವು ಮಾತ್ರ ಮೇಲೇರಲು ಹಸುಗಳ ಕಡೆಯಿಂದ ಕಾರಣವೇ ಇಲ್ಲ. ಸಾಲಿಗೆ ಸಾಲೇ ಏರಿದರೆ ಎಂಟು ಸೂಜಿಗಳ ವಾಶರ್‌ನಲ್ಲಿ ನಾಲ್ಕನೆಯ ಸೂಜಿಯನ್ನು ಹಿಡಿಯಿರಿ. ಮಲ್ಟಿಚಾನೆಲ್ ಪಿಪೆಟ್‌ನ ನಾಲ್ಕನೆಯ ಟಿಪ್ ಸಡಿಲವಾಗಿದ್ದರೂ ಸಾಲು ಕೆಡುತ್ತದೆ, ಆದರೆ ಆಗ ಸಾಮಾನ್ಯವಾಗಿ ಸಾಲು ಇಳಿಯುತ್ತದೆ.

ವಾಶರ್ ಪರೀಕ್ಷೆ ಸುಲಭ. ಬಳಸದ ಹಳೆಯ ಪ್ಲೇಟಿಗೆ ವಾಶರ್‌ನಿಂದ 300 ಮೈಕ್ರೋಲೀಟರ್ ನೀರು ಬಿಡಿಸಿ, ಪಕ್ಕದಿಂದ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಸೂಜಿ ಕಟ್ಟಿದ ಸಾಲಿನಲ್ಲಿ ನೀರಿನ ಮಟ್ಟ ತಗ್ಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಆಮೇಲೆ ಹೀರಿಸಿ, ಪ್ಲೇಟ್ ಓರೆ ಮಾಡಿ. ಯಾವ ಸಾಲಿನ ವೆಲ್‌ಗಳ ಮೂಲೆಯಲ್ಲಿ ನೀರು ಜಾರಿ ಸೇರುತ್ತದೋ ಅಲ್ಲಿ ಹೀರುವ ಸೂಜಿ ಕಟ್ಟಿದೆ. ಈ ಪ್ಲೇಟಿನ ವಾಶರ್‌ನಲ್ಲಿ ನಾಲ್ಕನೆಯ ಸೂಜಿಯ ತುದಿಗೆ ಬಿಳಿ ಉಪ್ಪು ಉಂಗುರದಂತೆ ಕಟ್ಟಿತ್ತು. ಬಫರ್ ತುಂಬಿದ ಹಾಗೇ ವಾಶರನ್ನು ರಾತ್ರಿಯಿಡೀ ಬಿಟ್ಟರೆ ಹೀಗಾಗುತ್ತದೆ. ಬೆಚ್ಚಗಿನ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ವಾಶರ್ ಜೊತೆ ಬಂದ ಸಣ್ಣ ತಂತಿಯನ್ನು ಆಡಿಸಿ, ಡಿಸ್ಟಿಲ್ಡ್ ನೀರು ಹಾಯಿಸಿದರೆ ಬಿಡುತ್ತದೆ. ದಿನದ ಕೊನೆಗೆ ಡಿಸ್ಟಿಲ್ಡ್ ನೀರು ಹಾಯಿಸಿ ಮುಚ್ಚುವುದು ಅಭ್ಯಾಸವಾಗಲಿ.

ಸೂಜಿ ಬಿಡಿಸಿ ಪ್ಲೇಟ್ ಮತ್ತೆ ಮಾಡಿದಾಗ ನೆಗೆಟಿವ್‌ಗಳು 0.070, 0.078, 0.074. ಕಟ್‌ಆಫ್ 0.274. ಎಫ್ ಸಾಲಿನ ಹಸು 0.312, ಪಾಸಿಟಿವ್. ಡಿ ಸಾಲಿನ ಹಸು 0.098, ನೆಗೆಟಿವ್. ಹಿಂದಿನ ಪ್ಲೇಟಿನಲ್ಲಿ ಇಬ್ಬರ ತೀರ್ಪೂ ಅದಲುಬದಲಾಗಿತ್ತು. ಮೂರನೆಯ ವೆಲ್ಲನ್ನು ಬಿಟ್ಟು ಲೆಕ್ಕ ಹಾಕಿದ್ದರೂ ಎಫ್ ಸಾಲಿನದಷ್ಟೇ ಸರಿಹೋಗುತ್ತಿತ್ತು, ಡಿ ಸಾಲಿನ ಹಸು ಸುಳ್ಳು ಪಾಸಿಟಿವ್ ಆಗಿಯೇ ಉಳಿಯುತ್ತಿತ್ತು. ನೆಗೆಟಿವ್ ವೆಲ್ ಏರಿದ್ದು ಡಿ ಸಾಲಿನ ಎಲ್ಲ ಸ್ಯಾಂಪಲ್‌ಗಳ ಪರವಾಗಿ ಕೊಟ್ಟ ದೂರು. ಹಾಗಾಗಿ ನೆಗೆಟಿವ್‌ಗಳನ್ನು ಬೇರೆ ಬೇರೆ ಸಾಲಿನಲ್ಲಿ ಇಡುವುದು ಒಳ್ಳೆಯದು.

## ಲಕ್ಷಣ: ನೆಗೆಟಿವ್ ತೀರಾ ಕೆಳಗಿದೆ, ಅರ್ಧ ಪ್ಲೇಟ್ ಪಾಸಿಟಿವ್

ಒಂದು ಹಳ್ಳಿಯ ಅರ್ಧ ಹಸುಗಳು ಪಾಸಿಟಿವ್ ಬಂದರೆ ಮೊದಲು ನೆಗೆಟಿವ್ ವೆಲ್‌ಗೆ ಸೀರಮ್ ಬಿದ್ದಿದೆಯೇ ನೋಡಿ. ನೆಗೆಟಿವ್‌ನ ಓಡಿ ಬ್ಲಾಂಕ್‌ಗೆ ಸಮನಾಗಿದ್ದರೆ ಬರೀ ಡೈಲ್ಯುಯೆಂಟ್ ಬಿದ್ದಿರುವ ಸಾಧ್ಯತೆ ಹೆಚ್ಚು. ಸೋಂಕಿಲ್ಲದ ಹಸುವಿನ ಸೀರಮ್ಮೂ ಒಂದಿಷ್ಟು ಬಣ್ಣ ಕೊಡುತ್ತದೆ.

ಸೀರಮ್ ಬಿದ್ದಿದೆ, ಮೂರೂ ವೆಲ್ ಒಂದಕ್ಕೊಂದು ಹೊಂದಿವೆ, ಆದರೂ ಹೀಗೆ ಎಂದರೆ ಸೂತ್ರವನ್ನೇ ಅನುಮಾನಿಸಬೇಕು. ಲ್ಯಾಬ್‌ನಲ್ಲೇ ಕಟ್ಟಿದ ಎಲೈಸಾಗಳಲ್ಲಿ "ನೆಗೆಟಿವ್ ಸರಾಸರಿ + 3 ಎಸ್‌ಡಿ" ಎಂಬುದು ಬಾಯಿಪಾಠ. ಮೇಲಿನ ಮೊದಲ ಪ್ಲೇಟಿನ ಎರಡು ಒಳ್ಳೆಯ ವೆಲ್‌ಗಳನ್ನೇ ತೆಗೆದುಕೊಳ್ಳಿ: 0.072, 0.081. ಎಸ್‌ಡಿ 0.006, ಕಟ್‌ಆಫ್ 0.096. ಬೇರೆ ಸಾಲುಗಳಲ್ಲಿ 0.10, 0.11 ಬಂದ ಆರೋಗ್ಯವಂತ ಹಸುಗಳೂ ಪಾಸಿಟಿವ್! ಏರಿದ ಮೂರನೆಯ ವೆಲ್ಲನ್ನೂ ಸೇರಿಸಿದರೆ ಎಸ್‌ಡಿ 0.098 ಆಗಿ ಕಟ್‌ಆಫ್ 0.427ಕ್ಕೆ ಹಾರುತ್ತದೆ, ನಿಜವಾದ ಪಾಸಿಟಿವ್ ಕೂಡ ತಪ್ಪಿಹೋಗುತ್ತದೆ.

ಸೂತ್ರ ಹೀಗೆ ಕುಣಿಯಲು ಕಾರಣ ಅದು ಅಳೆಯುತ್ತಿರುವ ವಸ್ತು. ಒಂದೇ ನೆಗೆಟಿವ್ ಸೀರಮನ್ನು ಮೂರು ವೆಲ್‌ಗೆ ಹಾಕಿದಾಗ ಬರುವ ಎಸ್‌ಡಿ ನಮ್ಮ ಪಿಪೆಟಿಂಗ್ ಎಷ್ಟು ಆಚೀಚೆ ಆಗುತ್ತದೆ ಎಂದಷ್ಟೇ ಹೇಳುತ್ತದೆ. ಸೋಂಕಿಲ್ಲದ ಒಂದು ಹಸುವಿಗೂ ಇನ್ನೊಂದು ಹಸುವಿಗೂ ಎಷ್ಟು ವ್ಯತ್ಯಾಸ ಎಂದು ಅದಕ್ಕೆ ಗೊತ್ತಿಲ್ಲ. ಕಟ್‌ಆಫ್‌ಗೆ ಬೇಕಾದ್ದು ಆ ಎರಡನೆಯ ವ್ಯತ್ಯಾಸ. ಕೈ ಪಳಗಿದಷ್ಟೂ ಎಸ್‌ಡಿ ಕುಗ್ಗಿ ಸುಳ್ಳು ಪಾಸಿಟಿವ್ ಹೆಚ್ಚುವ ಸೂತ್ರ ಸರಿಯಾಗಿರಲು ಸಾಧ್ಯವಿಲ್ಲ.

ಸರಿಯಾದ ದಾರಿ ನಿಧಾನದ್ದು. ಸೋಂಕಿಲ್ಲವೆಂದು ಬೇರೆ ವಿಧಾನದಿಂದಲೂ ಖಚಿತವಾದ, ಬೇರೆ ಬೇರೆ ಮಂದೆಗಳ ಹಸುಗಳ ಸೀರಮ್ ಸೇರಿಸಿ. 30ಕ್ಕಿಂತ ಕಡಿಮೆ ಬೇಡ, ನೂರಾದರೆ ಒಳ್ಳೆಯದು. ಒಂದು ಹಸುವಿಗೆ ಒಂದು ಓದು. ಅವುಗಳ ಸರಾಸರಿ 0.110, ಎಸ್‌ಡಿ 0.040 ಬಂತು ಎನ್ನಿ. ಈಗ 3 ಎಸ್‌ಡಿ ಕೂಡಿಸಿದ 0.230ಕ್ಕೆ ಅರ್ಥವಿದೆ. ಸೋಂಕು ಖಚಿತವಾದ ಹಸುಗಳ ಸೀರಮ್‌ಗಳನ್ನೂ ಓದಿಸಿ, ಅವು ಈ ಗೆರೆಯ ಮೇಲೆ ಬರುತ್ತವೆಯೇ ನೋಡಿ. ಪ್ಲೇಟಿನಿಂದ ಪ್ಲೇಟಿಗೆ ಓಡಿ ಏರಿಳಿಯುವುದರಿಂದ ಈ ಗೆರೆಯನ್ನು ಪಾಸಿಟಿವ್ ಕಂಟ್ರೋಲ್‌ನ ಶೇಕಡಾವಾರಾಗಿ ಇಟ್ಟುಕೊಂಡರೆ ಕೋಣೆಯ ಬಿಸಿ ಚಳಿ ಅಷ್ಟು ಕಾಡುವುದಿಲ್ಲ. ಆಮೇಲೆ ದಿನದಿನದ ನೆಗೆಟಿವ್ ವೆಲ್‌ಗಳ ಕೆಲಸ ಪ್ಲೇಟ್ ಸರಿಯಾಗಿ ನಡೆಯಿತೇ ಎಂದು ಕಾಯುವುದು ಮಾತ್ರ.

ಕೆಲವೇ ನೆಗೆಟಿವ್‌ಗಳಿಂದ ಕಟ್‌ಆಫ್ ಹಾಕಲೇಬೇಕಾದ ಪರಿಸ್ಥಿತಿಯಲ್ಲಿ ಎಸ್‌ಡಿಯ ಗುಣಕವು ಹಸುಗಳ ಸಂಖ್ಯೆಗೆ ತಕ್ಕಂತೆ ಬದಲಾಗಬೇಕು. ಶೇಕಡಾ 95ರ ಭರವಸೆಗೆ, ಮೂರು ಬೇರೆ ಬೇರೆ ಹಸುಗಳಿದ್ದರೆ ಎಸ್‌ಡಿಯನ್ನು 3.37ರಿಂದ, ಎಂಟಿದ್ದರೆ 2.01ರಿಂದ, ಮೂವತ್ತಿದ್ದರೆ 1.73ರಿಂದ ಗುಣಿಸಬೇಕು. ಆಗಲೂ ಸೋಂಕಿಲ್ಲದ ನೂರರಲ್ಲಿ ಐದು ಹಸುಗಳು ಗೆರೆ ದಾಟಬಹುದು ಎಂಬುದನ್ನು ಮರೆಯಬಾರದು.

ಎಲ್ಲ ಸರಿಯಿದ್ದೂ ಪಾಸಿಟಿವ್ ಹೆಚ್ಚಿದ್ದರೆ ಲಸಿಕೆ ವಿಚಾರಿಸಿ. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಬ್ರೂಸೆಲ್ಲಾ ಎಸ್19 ಲಸಿಕೆ ಹಾಕುತ್ತಾರೆ. ಅದರಿಂದ ಬಂದ ಪ್ರತಿಕಾಯವನ್ನೂ ಈ ಎಲೈಸಾ ಹಿಡಿಯುತ್ತದೆ. ಯೆರ್ಸಿನಿಯಾ ಎಂಟೆರೊಕೊಲಿಟಿಕಾ ಓ:9 ಬ್ಯಾಕ್ಟೀರಿಯಾ ತಗುಲಿದ ಹಸುವೂ ಪಾಸಿಟಿವ್ ತೋರಿಸಬಹುದು. ಅದು ಪ್ಲೇಟಿನ ದೋಷವಲ್ಲ, ಕಟ್‌ಆಫ್ ಸರಿಸಿ ಸರಿಮಾಡುವಂಥದ್ದೂ ಅಲ್ಲ.

## ಲಕ್ಷಣ: ನಿನ್ನೆ ಪಾಸಿಟಿವ್, ಇವತ್ತು ನೆಗೆಟಿವ್

ಸ್ಯಾಂಪಲ್ ಓಡಿಯನ್ನು ಕಟ್‌ಆಫ್‌ನಿಂದ ಭಾಗಿಸಿ. 0.9ರಿಂದ 1.1ರೊಳಗೆ ಬಂದರೆ ಅದು ಹೊಸ್ತಿಲ ಮೇಲಿನ ಸ್ಯಾಂಪಲ್. ಇನ್ಸರ್ಟ್ ಬೇರೆ ವ್ಯಾಪ್ತಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಎರಡು ವೆಲ್‌ನಲ್ಲಿ ಮತ್ತೆ ಮಾಡಿ. ಮತ್ತೂ ಅಲ್ಲೇ ನಿಂತರೆ ಪಾಸಿಟಿವ್ ಎಂದೂ ನೆಗೆಟಿವ್ ಎಂದೂ ಬರೆಯದೆ "ಅನಿಶ್ಚಿತ" ಎಂದು ಬರೆದು, ಎರಡು ಮೂರು ವಾರ ಬಿಟ್ಟು ಹೊಸ ಸ್ಯಾಂಪಲ್ ಕೇಳಿ. ಹೊಸ್ತಿಲಿಂದ ದೂರದ ಸ್ಯಾಂಪಲ್ ತಿರುಗಿದ್ದರೆ ಟ್ಯೂಬ್ ಅದಲುಬದಲಾಗಿದೆಯೇ, ಸೀರಮ್ ಪದೇಪದೇ ಕರಗಿ ಹೆಪ್ಪುಗಟ್ಟಿದೆಯೇ ನೋಡಿ.

## ಜೋಪಾನ

ಸ್ಟಾಪ್ ಸೊಲ್ಯೂಷನ್ ಸಲ್ಫ್ಯೂರಿಕ್ ಆಮ್ಲ. ಅದು ಬಿದ್ದ ಪ್ಲೇಟನ್ನು ಹೈಪೋಕ್ಲೋರೈಟ್ ಬಕೆಟ್‌ಗೆ ಹಾಕಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ವಾಶರ್‌ನ ತ್ಯಾಜ್ಯ ಬಾಟಲಿಗೆ ಹೈಪೋಕ್ಲೋರೈಟ್ ಸರಿ, ಆಮ್ಲ ಹಾಕಿದ ಪ್ಲೇಟಿಗೆ ಬೇರೆ ಡಬ್ಬ. ಬಫರ್ ಕೆಡದಿರಲೆಂದು ಸೋಡಿಯಂ ಅಜೈಡ್ ಬೆರೆಸಬೇಡಿ: ಅದು ಪೆರಾಕ್ಸಿಡೇಸನ್ನು ಕುಂದಿಸಿ ಪಾಸಿಟಿವ್‌ಗಳನ್ನು ಅಳಿಸುತ್ತದೆ, ಆಮ್ಲ ಸೇರಿದರೆ ವಿಷಾನಿಲವಾಗುತ್ತದೆ. ಬ್ರೂಸೆಲ್ಲಾ ಮನುಷ್ಯರಿಗೂ ಹತ್ತುತ್ತದೆ, ಸೀರಮ್ ಮುಟ್ಟುವಾಗ ಗ್ಲೌಸ್, ಕನ್ನಡಕ ಇರಲಿ. ಕಂದು ಹಾಕಿದ ಹಸುವಿನ ಮಾಸು, ಭ್ರೂಣದ ಸ್ಯಾಂಪಲ್ ಬಂದರೆ ಸಾಮಾನ್ಯ ಮೇಜಿನ ಮೇಲೆ ಬಿಚ್ಚಲೇಬೇಡಿ.

## ಯಾವಾಗ ನಿಲ್ಲಿಸಿ ಸಹಾಯ ಕೇಳಬೇಕು

ನಾಲ್ಕು ವೆಲ್‌ಗಳ ಪರೀಕ್ಷೆ ಮಾಡಿ, ವಾಶರ್ ಸ್ವಚ್ಛ ಮಾಡಿ, ಹೊಸ ಬಫರ್‌ನಲ್ಲಿ ಮತ್ತೆ ಮಾಡಿದ ಪ್ಲೇಟೂ ಅಸಿಂಧುವಾದರೆ ಮೂರನೆಯ ಪ್ಲೇಟ್ ಸುಡಬೇಡಿ. ಕಿಟ್ ಕಂಪನಿಗೆ ಲಾಟ್ ಸಂಖ್ಯೆ, ಎರಡೂ ಪ್ಲೇಟಿನ ಬ್ಲಾಂಕ್ ಕಳೆಯದ ಕಚ್ಚಾ ಓಡಿಗಳು, ನಾಲ್ಕು ವೆಲ್‌ಗಳ ಓದು, ಆ ಹೊತ್ತಿನ ಕೋಣೆಯ ತಾಪಮಾನ ಕಳಿಸಿ. ಖಾಲಿ ಪ್ಲೇಟಿನ ಓದೇ ವೆಲ್‌ನಿಂದ ವೆಲ್‌ಗೆ ಜಿಗಿದರೆ ರೀಡರ್ ಎಂಜಿನಿಯರನ್ನು ಕರೆಸಿ. ಮಂದೆಯಲ್ಲಿ ಪಾಸಿಟಿವ್ ಎಂದು ಬರೆಯುವ ಮುನ್ನ ರೋಸ್ ಬೆಂಗಾಲ್ ಪರೀಕ್ಷೆಯನ್ನೂ ಮಾಡಿ. ಎರಡೂ ಒಂದೇ ಮಾತು ಹೇಳದಿದ್ದರೆ ಸೀರಮನ್ನು ಯಲಹಂಕದ ನಿವೇದಿಯಂಥ ರೆಫರೆನ್ಸ್ ಲ್ಯಾಬ್‌ಗೆ ಕೇಳಿಕೊಂಡು ಕಳಿಸಿ. ಉತ್ತರ ಬರುವವರೆಗೆ ರೈತರಿಗೆ ಹಸುವನ್ನು ಬೇರೆ ಕಟ್ಟಿ, ಹಾಲು ಕಾಯಿಸಿಯೇ ಕುಡಿಯಿರಿ ಎಂದು ತಿಳಿಸಿ.